ಅವಳಿಗೆ ಮಾತ್ರ ಹೊಂದುವ ಪತ್ರ

ತಿಂಗಳುಗಟ್ಟಲೆ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದ ಹುಡುಗನೊಬ್ಬ ಒಂದು ರಾತ್ರಿ ಪತ್ರ ಬರೆಯಲು ಕೂರುತ್ತಾನೆ ಎಂದುಕೊಳ್ಳೋಣ. ಮೊದಲು ಬರುವ ಸಾಲುಗಳು ಹೀಗಿರುತ್ತವೆ: "ನೀನು ನನ್ನ ಬದುಕಿಗೆ ಬಂದಿದ್ದು ನನ್ನ ಪುಣ್ಯ. ನನಗಾಗಿ ಎಷ್ಟೆಲ್ಲ ಮಾಡ್ತೀಯ. ನೀನಿಲ್ಲದೆ ನನಗೆ ಏನೂ ತೋಚಲ್ಲ." ಮೂರೂ ಸಾಲು ನಿಜವಿರಬಹುದು. ಆದರೆ ಮೇಲಿನ ಹೆಸರು ಅಳಿಸಿ ಬೇರೆ ಯಾವ ಹುಡುಗಿಯ ಹೆಸರು ಬರೆದರೂ ಅವು ಹೊಂದುತ್ತವೆ. ಓದುವವಳಿಗೆ ಅದು ತಕ್ಷಣ ಗೊತ್ತಾಗುತ್ತದೆ. 'ಇವನು ನನ್ನನ್ನು ನೋಡುತ್ತಿದ್ದಾನೋ ಇಲ್ಲವೋ' ಎಂದು ಅವಳ ಮನಸ್ಸಿನಲ್ಲಿ ಇಷ್ಟು ದಿನ ಇದ್ದ ಪ್ರಶ್ನೆಗೆ ಈ ಸಾಲುಗಳಲ್ಲಿ ಉತ್ತರವಿಲ್ಲ.

ಪ್ರೀತಿ ಇದ್ದೂ ಅವನ ಕಣ್ಣಿಗೆ ಅದೆಲ್ಲ ಏಕೆ ಬೀಳಲಿಲ್ಲ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯದೊಂದು ಅಧ್ಯಯನವಿದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಅಡುಗೆ, ಸ್ವಚ್ಛತೆ, ಮಕ್ಕಳ ಆರೈಕೆ ಇಂಥ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಬಹುತೇಕ ಜೋಡಿಗಳಲ್ಲಿ ಇಬ್ಬರು ಹೇಳಿದ ಪಾಲನ್ನು ಕೂಡಿಸಿದರೆ ನೂರಕ್ಕೆ ನೂರನ್ನು ಮೀರುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದರ ಉದಾಹರಣೆಗಳು ಪ್ರತಿಯೊಬ್ಬರಿಗೂ ಸಲೀಸಾಗಿ ನೆನಪಿಗೆ ಬರುತ್ತಿದ್ದವು, ಇನ್ನೊಬ್ಬರದು ಅಷ್ಟಾಗಿ ಬರುತ್ತಿರಲಿಲ್ಲ. ತಾನು ಮಾಡುವಾಗ ತಾನು ಅಲ್ಲೇ ಇರುತ್ತೇನೆ, ಆಯಾಸವೂ ತನ್ನದೇ. ಅವಳು ಮಾಡುವಾಗ ಅವನು ಆಫೀಸಿನಲ್ಲಿರುತ್ತಾನೆ. ಅವನಿಗೆ ಸಿಗುವುದು ಮುಗಿದ ಕೆಲಸ ಮಾತ್ರ. ಅದರಲ್ಲೂ 'ಏನೂ ತೊಂದರೆ ಆಗಲಿಲ್ಲ' ಎಂಬ ಫಲ ಕೊಡುವ ಕೆಲಸ ಕಾಣುವುದೇ ಇಲ್ಲ.

ಹಾಗಾಗಿ ಪತ್ರ ಬರೆಯುವ ಮುನ್ನ ಮಾಡಬೇಕಾದದ್ದು ಪದ ಹುಡುಕುವುದಲ್ಲ, ನೆನಪು ಕೆದಕುವುದು. ಫೋನಿನಲ್ಲಿರುವ ಹಳೆಯ ಮೆಸೇಜು, ಫೋಟೋ, ಕ್ಯಾಲೆಂಡರ್ ತೆರೆದು ಕೂತರೆ ಸಾಕು. ನಮ್ಮ ಹುಡುಗ ಹಾಗೆ ಮಾಡುತ್ತಾನೆ. ಅವನ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ವಾರ ಕಣ್ಣಿಗೆ ಬೀಳುತ್ತದೆ. ಅವನಿಗೆ ಆಗ ಆಫೀಸಿನಲ್ಲಿ ರಿಲೀಸ್ ಇತ್ತು. ಆಸ್ಪತ್ರೆಗೆ ಹೋದವಳು ಅವಳು. ಆ ಸಂಜೆ ಅವಳಿಂದ ಬಂದದ್ದು ಒಂದೇ ಮೆಸೇಜು: "ಎಲ್ಲ ಆಯ್ತು, ಅಪ್ಪ ಊಟ ಮಾಡಿದ್ರು." ಅವನು ಹೆಬ್ಬೆರಳಿನ ಚಿಹ್ನೆ ಕಳಿಸಿ ಸುಮ್ಮನಾಗಿದ್ದ.

ಆ ದಿನದ ಬಗ್ಗೆ ಈಗ ಅವನು ಬರೆಯಬೇಕು. ಇಲ್ಲಿ ಒಂದು ಕವಲು ಎದುರಾಗುತ್ತದೆ, ಪತ್ರದ ಜೀವ ಇರುವುದೂ ಇಲ್ಲೇ. "ನೀನು ಹೋಗಿದ್ದರಿಂದ ನನಗೆ ರಜೆ ಹಾಕುವುದು ತಪ್ಪಿತು, ಎಷ್ಟು ನಿರಾಳವಾಯಿತು" ಎಂದು ಬರೆಯಬಹುದು. ಅದೂ ಕೃತಜ್ಞತೆಯೇ, ಆದರೆ ವಾಕ್ಯದ ತುಂಬ ಅವನೇ ಇದ್ದಾನೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಾರಾ ಆಲ್ಗೋ ಇಂಥ ಮಾತುಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಪ್ರೇಮಿಗಳು ಒಬ್ಬರಿಗೊಬ್ಬರು ಧನ್ಯವಾದ ಹೇಳುವುದನ್ನು ಅವರ ತಂಡ ದಾಖಲಿಸಿಕೊಂಡು, 'ನನಗೇನು ಲಾಭವಾಯಿತು' ಎಂಬ ಮಾತುಗಳನ್ನೂ 'ನೀನು ಎಂಥವಳು, ಎಂಥವನು' ಎಂಬ ಮಾತುಗಳನ್ನೂ ಬೇರೆ ಮಾಡಿ ನೋಡಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೇಳಿಸಿಕೊಂಡವರ ಮನ ಮುಟ್ಟಿದ್ದು ಹೆಚ್ಚಾಗಿ ಎರಡನೆಯ ಬಗೆಯ ಮಾತು. ಲಾಭದ ವರದಿಗೆ ಆ ಶಕ್ತಿ ಇರಲಿಲ್ಲ.

ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹುಡುಗ ಮತ್ತೆ ಬರೆಯುತ್ತಾನೆ:

"ಅಪ್ಪನ ಆಪರೇಷನ್ ದಿನ ನೀನು ಅರ್ಧ ದಿನದ ಸಂಬಳ ಬಿಟ್ಟು ಆಸ್ಪತ್ರೆಯಲ್ಲಿ ಕೂತಿದ್ದೆ. 'ನೀವು ಮಗಳಾ?' ಅಂತ ನರ್ಸ್ ಕೇಳಿದಾಗ ಏನು ಹೇಳಬೇಕೋ ಗೊತ್ತಾಗದೆ ಸುಮ್ಮನೆ ನಕ್ಕೆಯಂತೆ, ಅಪ್ಪ ಹೇಳಿದರು. ಮನೆಗೆ ಬಂದಮೇಲೆ ಕಣ್ಣಿನ ಡ್ರಾಪ್ಸ್ ಯಾವ ಹೊತ್ತಿಗೆ ಹಾಕಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಅಪ್ಪನಿಗೆ ಕನ್ನಡಕವಿಲ್ಲದೆ ಓದೋಕೆ ಆಗಲಿ ಅಂತ. ಆ ಹಾಳೆ ಇನ್ನೂ ಅಲ್ಲೇ ಇದೆ. ನಾನು ದಿನಾ ಅದರ ಮುಂದೆ ಓಡಾಡಿದರೂ ಯಾಕೆ ಅಷ್ಟು ದಪ್ಪಗೆ ಬರೆದಿದ್ದಾಳೆ ಅಂತ ಒಂದು ಸಲವೂ ಯೋಚಿಸಲಿಲ್ಲ. ಎದುರಿಗಿರುವವರಿಗೆ ಏನು ಕಷ್ಟವಾಗಬಹುದು ಅಂತ ಅವರು ಬಾಯಿ ಬಿಡುವ ಮೊದಲೇ ನಿನಗೆ ಹೊಳೆಯುತ್ತೆ. ಮಾಡಿದ್ದನ್ನು ಹೇಳಿಕೊಳ್ಳೋಕೆ ಹೋಗಲ್ಲ."

ಇಲ್ಲಿ ಮೂರು ಸಂಗತಿ ಒಂದರ ಹಿಂದೊಂದು ಬಂದಿವೆ: ಅವಳು ಮಾಡಿದ್ದೇನು, ಅದಕ್ಕಾಗಿ ಬಿಟ್ಟದ್ದೇನು, ಅದರಿಂದ ಕಾಣುವ ಅವಳ ಗುಣವೇನು. ನಡುವಿನದನ್ನು ಬರೆಯುವವರು ಹೆಚ್ಚಾಗಿ ಮರೆಯುತ್ತಾರೆ. ಬಿಟ್ಟುಕೊಟ್ಟ ಸಂಬಳ, ಇನ್ನೂ ಮಗಳೂ ಅಲ್ಲದ ಸೊಸೆಯೂ ಅಲ್ಲದ ಜಾಗದಲ್ಲಿ ಕೂತ ಮುಜುಗರ, ಇವು ಪತ್ರಕ್ಕೆ ಬಂದರೆ ಮಾತ್ರ ಅವನು ಅವಳ ಕಡೆಯಿಂದ ಆ ದಿನವನ್ನು ನೋಡಿದ್ದಾನೆ ಎಂದು ಅವಳಿಗೆ ನಂಬಿಕೆ ಬರುತ್ತದೆ. ಇಂಥ ಎರಡು ಮೂರು ಸಂಗತಿ ಸಾಕು. ಹತ್ತು ಸೇರಿಸಿದರೆ ಅದು ದಿನಸಿ ಚೀಟಿಯಂತೆ ಓದಿಸಿಕೊಳ್ಳುತ್ತದೆ.

ತಪ್ಪೊಪ್ಪಿಗೆಗೂ ಪತ್ರದಲ್ಲಿ ಜಾಗ ಬೇಕು, ಆದರೆ ಚಿಕ್ಕದು. "ನಿನ್ನ ಪ್ರಮೋಷನ್ ಇಂಟರ್‌ವ್ಯೂ ಇದ್ದ ದಿನ ಹೇಗಾಯ್ತು ಅಂತ ನಾನು ಕೇಳಲೇ ಇಲ್ಲ" ಎಂಬ ಒಂದು ಖಚಿತ ಸಾಲು, "ನಾನು ಪಾಪಿ, ನಿನಗೆ ಯೋಗ್ಯನಲ್ಲ" ಎಂಬ ಅರ್ಧ ಪುಟಕ್ಕಿಂತ ಒಳ್ಳೆಯದು. ಅಷ್ಟುದ್ದ ಹಳಿದುಕೊಂಡರೆ ಅವನನ್ನು ಸಮಾಧಾನಪಡಿಸುವ ಕೆಲಸವೂ ಅವಳ ಪಾಲಿಗೇ ಬೀಳುತ್ತದೆ. "ಇನ್ನು ಕೋಪ ಬಿಡ್ತೀಯಲ್ಲ?" ಎಂದು ಕೊನೆಯಲ್ಲಿ ಕೇಳಿದರಂತೂ ಮೇಲಿನದೆಲ್ಲ ಚೌಕಾಸಿಯಾಗಿ ಕಾಣುತ್ತದೆ.

ಇಷ್ಟೆಲ್ಲ ಬರೆದಮೇಲೂ ಅನೇಕರು ಕಳಿಸುವುದಿಲ್ಲ. ನಾಟಕ ಅನ್ನಿಸಬಹುದು, ಭಾಷೆ ಚೆನ್ನಾಗಿಲ್ಲ ಎಂಬ ಅಳುಕು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಈ ಅಳುಕನ್ನೇ ಪರೀಕ್ಷೆಗೆ ಒಡ್ಡಿದರು. ತಮ್ಮ ಬದುಕಿಗೆ ನೆರವಾದವರಿಗೆ ಕೃತಜ್ಞತೆಯ ಪತ್ರ ಬರೆದವರನ್ನು, ಓದಿದವರಿಗೆ ಹೇಗನ್ನಿಸಬಹುದು ಎಂದು ಊಹಿಸಲು ಹೇಳಿ, ಬಳಿಕ ಪತ್ರ ಪಡೆದವರನ್ನೇ ಕೇಳಿದರು. ಬರೆದವರು ಮುಜುಗರವನ್ನು ಅತಿಯಾಗಿ, ಸಂತೋಷವನ್ನು ಕಡಿಮೆಯಾಗಿ ಊಹಿಸಿದ್ದರು. ಬರೆಯುವವರಿಗೆ ಪದಗಳ ಚಿಂತೆ, ಓದುವವರಿಗೆ ಬೇಕಾದದ್ದು ಆ ಮಾತಿನ ಅಕ್ಕರೆ. ಆ ಪತ್ರಗಳು ಪ್ರೇಮಿಗಳ ನಡುವಿನವಷ್ಟೇ ಆಗಿರಲಿಲ್ಲ ನಿಜ, ಆದರೂ ವ್ಯಾಕರಣ ತಪ್ಪುತ್ತದೆಂದು ತಡೆದುಕೊಂಡಿರುವ ಹುಡುಗ ಇದನ್ನು ನಂಬಬಹುದು.

ಪತ್ರದಿಂದ ಆಗದ್ದೂ ಇದೆ. ಆಲ್ಗೋ ತಂಡದ ಇನ್ನೊಂದು ಅಧ್ಯಯನದಲ್ಲಿ ಜೋಡಿಗಳು ಎರಡು ವಾರ ಪ್ರತಿ ರಾತ್ರಿ ದಿನಚರಿ ತುಂಬಿದರು. ಕೃತಜ್ಞತೆ ಮೂಡಿದ ದಿನದ ಮರುದಿನ ಸಂಬಂಧ ಹೆಚ್ಚು ಹತ್ತಿರವೆನ್ನಿಸಿದ್ದು ಕಂಡುಬಂತು. ಅಲ್ಲಿ ಅಳೆದದ್ದು ಮರುದಿನವನ್ನು. ತಿಂಗಳುಗಳ ಉಪೇಕ್ಷೆಗೆ ಒಂದು ಹಾಳೆ ಪರಿಹಾರವಾದೀತು ಎಂದು ಅದರಿಂದ ತೀರ್ಮಾನಿಸಲಾಗದು. ಬೈಗುಳ, ಹಿಡಿತ, ಭಯ ಇರುವ ಸಂಬಂಧದಲ್ಲಂತೂ ಇಂಥ ಸಿಹಿ ಪತ್ರ ಅವಳನ್ನು ಕಟ್ಟಿಹಾಕುವ ಹಗ್ಗವಾಗಬಹುದು. ಅಲ್ಲಿ ಅವಳು ಪತ್ರವನ್ನಲ್ಲ, ನಡತೆಯನ್ನೇ ನಂಬಬೇಕು.

ಓದಿದ ತಕ್ಷಣ ಅವಳು ಕರಗಬೇಕೆಂದೇನೂ ಇಲ್ಲ. "ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆಯಾ?" ಎಂದು ರೇಗಿದರೂ ಅದು ಪತ್ರ ಸೋತ ಲಕ್ಷಣವಲ್ಲ, ಒಳಗಿದ್ದ ಮಾತು ಹೊರಬಂತು ಅಷ್ಟೆ. ಆಗ ಅವನು ವಾದಕ್ಕಿಳಿಯದೆ ಕೇಳಿಸಿಕೊಳ್ಳಬೇಕು. ಅಪ್ಪನ ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆಯೆಂದಾದರೆ, ಆ ದಿನಕ್ಕೆ ಈ ಸಲ ರಜೆ ಹಾಕಬೇಕಾದವನು ಅವನು. ಅರ್ಜಿಯನ್ನು ಪತ್ರ ಕೊಡುವ ಮೊದಲೇ ಹಾಕಿದ್ದರೆ ಇನ್ನೂ ಒಳ್ಳೆಯದು.