ಮುಖಕ್ಕೆ ಕೈ ಅಡ್ಡ ಬಂದಾಗ

ಸಾಹಸ ದೃಶ್ಯದಲ್ಲಿ ಡೂಪ್‌ನ ಮುಖದ ಮೇಲೆ ನಾಯಕನ ಮುಖ ಕೂರಿಸಿದ್ದಾರೆ ಎನ್ನಿ. ಡೂಪ್ ಬೆವರು ಒರೆಸಿಕೊಂಡರೆ ಸಾಕು, ಕಣ್ಣು ಮೂಗು ಮರೆಯಾಗಿ ಸಾಫ್ಟ್‌ವೇರ್ ಜಾಡು ತಪ್ಪುತ್ತದೆ. ಹೊಸ ಮುಖ ಕೈಯ ಮೇಲೆಯೇ ಅಂಟಿಕೊಳ್ಳುತ್ತದೆ. ಆಗ ರೋಟೋ ಕಲಾವಿದರು ಕೈಯ ಅಂಚಿಗೆ ಗೆರೆ ಎಳೆದು, ಅಷ್ಟು ಭಾಗದಲ್ಲಿ ಹೊಸ ಮುಖವನ್ನು ಮರೆಮಾಡುತ್ತಾರೆ.

ಎರಡು ಸೆಕೆಂಡಿನ ಒರೆಸಾಟವೆಂದರೆ 48 ಫ್ರೇಮ್. ಬೆರಳು, ಅಂಗೈ, ಮುಂಗೈಗೆ ಬೇರೆ ಬೇರೆ ಗೆರೆ ಬೇಕು. ಕೈ ದಿಕ್ಕು ಬದಲಿಸುವ ಫ್ರೇಮ್‌ಗಳಲ್ಲಿ ಮೊದಲು ಗೆರೆ ಕೂರಿಸಿ, ನಡುವಿನವನ್ನು ಆಮೇಲೆ ತಿದ್ದುವುದೇ ಜಾಣತನ. ಪ್ರತಿಯೊಂದನ್ನೂ ಹೊಸದಾಗಿ ಬರೆದರೆ ಅಂಚು ನಡುಗುತ್ತದೆ. ನಿಂತ ಚಿತ್ರದಲ್ಲಿ ಅದು ತಿಳಿಯದು, ಓಡಿಸಿದರೆ ಕಣ್ಣಿಗೆ ಹೊಡೆಯುತ್ತದೆ. ವೇಗದಲ್ಲಿ ಮಸುಕಾದ ಬೆರಳಿಗೆ ಅಂಚೂ ಅಷ್ಟೇ ಮಸುಕಾಗಿರಬೇಕು. ಆ ಮಸುಕಿನೊಳಗೆ ಡೂಪ್‌ನ ಕೆನ್ನೆಯ ಬಣ್ಣ ಇಣುಕಿದರೆ ಗೆರೆ ಏನೂ ಮಾಡಲಾರದು, ಬಣ್ಣವನ್ನೇ ತಿದ್ದಬೇಕು.