ಅಜ್ಜನ ಅಂಗಡಿ ಕಟ್ಟಡ ಯಾರದು? ಕುಟುಂಬ ಟ್ರಸ್ಟ್, ಟ್ರಸ್ಟಿಗಳು ಮತ್ತು ಮರಣಶಾಸನ

ಕಾಸರಗೋಡಿನ ಕಡೆ ಟ್ರಸ್ಟಿ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ದೇವಸ್ಥಾನದ ಮೊಕ್ತೇಸರರು. ಅದು ಸಾರ್ವಜನಿಕ ಧರ್ಮಸಂಸ್ಥೆಯ ವಿಚಾರ. ಅದಕ್ಕೆ ಬೇರೆಯೇ ಕಾನೂನುಗಳಿವೆ. ಮನೆಯ ಮಕ್ಕಳು ಮೊಮ್ಮಕ್ಕಳಿಗಾಗಿ ಮಾಡುವ ಖಾಸಗಿ ಟ್ರಸ್ಟನ್ನು ಆಳುವುದು 1882ರ ಭಾರತೀಯ ಟ್ರಸ್ಟ್ ಅಧಿನಿಯಮ. ಈ ಹಳೆಯ ಕಾನೂನಿನ ಪ್ರಕಾರ ಟ್ರಸ್ಟ್ ಎಂಬುದು ಕಂಪೆನಿಯಂಥ ಪ್ರತ್ಯೇಕ ವ್ಯಕ್ತಿಯಲ್ಲ. ಅದು ಒಡೆತನಕ್ಕೆ ಅಂಟಿಕೊಂಡ ಒಂದು ಹೊಣೆ. ಕಾಗದದಲ್ಲಿ ಆಸ್ತಿ ಟ್ರಸ್ಟಿಯ ಹೆಸರಿನಲ್ಲಿರುತ್ತದೆ, ಅದರ ಫಲ ಇನ್ನೊಬ್ಬರಿಗೆ ಸೇರುತ್ತದೆ. ಆ ಇನ್ನೊಬ್ಬರನ್ನು ಫಲಾನುಭವಿ ಎನ್ನುತ್ತಾರೆ. ಹೆಸರು ಒಬ್ಬರದು, ಫಲ ಇನ್ನೊಬ್ಬರದು ಎಂಬ ಈ ಇಬ್ಬಗೆಯಲ್ಲಿಯೇ ಕುಟುಂಬಗಳ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ವಿಷಯ ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸಂಪಾದನೆಯಿಂದ ಪೇಟೆಯಲ್ಲಿ ಮೂರು ಕೋಣೆಗಳ ಅಂಗಡಿ ಕಟ್ಟಡ ಕಟ್ಟಿಸಿದ್ದಾರೆ. ಬ್ಯಾಂಕಿನಲ್ಲಿ ನಾಲ್ಕು ಲಕ್ಷ ರೂಪಾಯಿಯ ಠೇವಣಿ ಇದೆ. ಕಿರಿಯ ಮಗ ಅಕಾಲದಲ್ಲಿ ತೀರಿಕೊಂಡಿದ್ದಾನೆ. ಅವನ ಇಬ್ಬರು ಮಕ್ಕಳ ವಿದ್ಯಾಭ್ಯಾಸ ನಿಂತುಹೋಗಬಾರದೆಂಬುದು ಅಜ್ಜನ ಚಿಂತೆ. ಆ ಇಬ್ಬರು, ಹಿರಿಯ ಮಗನ ಒಬ್ಬ ಮಗ, ಮಗಳ ಒಬ್ಬ ಮಗ, ಹೀಗೆ ನಾಲ್ವರು ಮೊಮ್ಮಕ್ಕಳಿಗೆ ಸಮಪಾಲಾಗಿ ಅವರು ಟ್ರಸ್ಟ್ ಮಾಡುತ್ತಾರೆ. ಹಿರಿಯ ಮಗ, ಮಗಳು ಮತ್ತು ಸೋದರಳಿಯ ಟ್ರಸ್ಟಿಗಳು. ಸ್ಥಿರಾಸ್ತಿಯನ್ನು ಬದುಕಿರುವಾಗಲೇ ಟ್ರಸ್ಟಿಗೆ ಒಪ್ಪಿಸಬೇಕಾದರೆ ಬರಹದ ಪತ್ರ, ರುಜು, ನೋಂದಣಿ ಮೂರೂ ಬೇಕು. ಅವೆಲ್ಲ ಕ್ರಮವಾಗಿ ನಡೆದಿವೆ.

ಕಟ್ಟಡ ಸ್ವಯಾರ್ಜಿತವಾದುದರಿಂದ ಅಜ್ಜನಿಗೆ ಹೀಗೆ ಮಾಡುವ ಪೂರ್ಣ ಅಧಿಕಾರವಿತ್ತು. ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಉಳಿದವರ ಹಕ್ಕೆಷ್ಟು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕಾಗಿತ್ತು. ಇತರರ ಪಾಲನ್ನು ಒಬ್ಬರೇ ಟ್ರಸ್ಟಿಗೆ ಸೇರಿಸಲು ಬಾರದು.

ಮೊದಲ ತೊಡಕು ಎದುರಾಗುವುದು ಅಜ್ಜನಿಗೇ. ಮೂರು ವರ್ಷಗಳ ಬಳಿಕ ಅವರಿಗೆ ದೊಡ್ಡದೊಂದು ಶಸ್ತ್ರಚಿಕಿತ್ಸೆ ಆಗಬೇಕಾಗುತ್ತದೆ. ಒಂದು ಕೋಣೆಯನ್ನಾದರೂ ಮಾರೋಣ ಎಂದು ಅವರು ಹೇಳಿದಾಗ ಕಟ್ಟಡ ಈಗ ಅವರದಲ್ಲ ಎಂಬ ಸಂಗತಿ ಮನೆಯವರಿಗೆ ಮೊದಲ ಬಾರಿ ಅರಿವಾಗುತ್ತದೆ. ಬಾಡಿಗೆಯಿಂದ ಒಂದು ರೂಪಾಯಿಯನ್ನು ಅವರ ಆಸ್ಪತ್ರೆಯ ಖರ್ಚಿಗೆ ಕೊಟ್ಟರೂ ಅದು ಟ್ರಸ್ಟಿಗಳ ಕರ್ತವ್ಯಭಂಗವಾಗುತ್ತದೆ, ಏಕೆಂದರೆ ಫಲಾನುಭವಿಗಳ ಪಟ್ಟಿಯಲ್ಲಿ ಅಜ್ಜನ ಹೆಸರೇ ಇಲ್ಲ.

ಟ್ರಸ್ಟನ್ನು ರದ್ದುಗೊಳಿಸಬಹುದೇ? ಅಧಿನಿಯಮದ 78ನೆಯ ಕಲಮು ಇದಕ್ಕೆ ಬಹಳ ಇಕ್ಕಟ್ಟಾದ ದಾರಿ ಇಟ್ಟಿದೆ. ರದ್ದು ಮಾಡುವ ಅಧಿಕಾರವನ್ನು ಪತ್ರದಲ್ಲಿ ಅಜ್ಜ ಸ್ಪಷ್ಟ ಮಾತುಗಳಲ್ಲಿ ತಮಗೆ ಉಳಿಸಿಕೊಂಡಿದ್ದರೆ ರದ್ದಾಗುತ್ತದೆ, ಉಳಿಸಿಕೊಂಡಿಲ್ಲ. ಇಲ್ಲವೆ ಫಲಾನುಭವಿಗಳೆಲ್ಲರೂ ಕರಾರು ಮಾಡಲು ಅರ್ಹರಾಗಿದ್ದು ಎಲ್ಲರೂ ಒಪ್ಪಬೇಕು. ಹಿರಿಯ ಮೊಮ್ಮಗನಿಗೆ ಹತ್ತೊಂಬತ್ತು ವರ್ಷ, ಅವನು ಸಂತೋಷದಿಂದ ಒಪ್ಪುತ್ತಾನೆ. ಆದರೆ ಕೊನೆಯವನಿಗೆ ಏಳು ವರ್ಷ. ಅವನಿಗೆ ಹದಿನೆಂಟು ತುಂಬಲು ಇನ್ನೂ ಹನ್ನೊಂದು ವರ್ಷ ಕಾಯಬೇಕು. ಅವನ ತಾಯಿ ಅವನ ಪರವಾಗಿ ಒಪ್ಪಿಗೆಯ ಕಾಗದ ಬರೆದುಕೊಟ್ಟರೆ ಆ ಕೊರತೆ ತುಂಬುವುದಿಲ್ಲ.

ಇದೇ ಅಜ್ಜ ಮರಣಶಾಸನ, ಅಂದರೆ ಆಡುಮಾತಿನ ವೀಲು, ಬರೆದಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ. ವೀಲಿಗೆ ಬಲ ಬರುವುದು ಬರೆದವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಆಸ್ತಿ ಅವರದೇ; ಮಾರಬಹುದು, ಅಡವಿಡಬಹುದು, ವೀಲನ್ನು ಹರಿದು ಬೇರೆ ಬರೆಯಬಹುದು. ಬುದ್ಧಿ ಸ್ಥಿರವಾಗಿರುವ ತನಕ ಎಷ್ಟು ಬಾರಿಯಾದರೂ ಬದಲಾಯಿಸಬಹುದು. ಅದಕ್ಕೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ರುಜುವಿಗೆ ಇಬ್ಬರು ಸಾಕ್ಷಿಗಳು ಬೇಕು, ಅಷ್ಟೇ. ಆದರೆ ವೀಲಿನ ಮೂಲಕ ಬಂದ ಪಾಲು ಹದಿನೆಂಟು ತುಂಬಿದ ಹುಡುಗನ ಕೈಗೆ ಪೂರ್ತಿಯಾಗಿ ಸೇರುತ್ತದೆ. ಮರುದಿನವೇ ಮಾರುತ್ತೇನೆಂದರೆ ತಡೆಯುವವರಿಲ್ಲ. ಅದೂ ಅಲ್ಲದೆ ವೀಲು ನಿಜವೇ, ಬರೆದಾಗ ಅಜ್ಜನಿಗೆ ಪ್ರಜ್ಞೆ ಸರಿಯಿತ್ತೇ ಎಂಬ ವಾದಗಳೆಲ್ಲ ಏಳುವುದು ಉತ್ತರ ಕೊಡಬೇಕಾದವರು ಇಲ್ಲದಾಗ.

ಎರಡರ ನಡುವೆ ದಾರಿಗಳಿಲ್ಲದೆ ಇಲ್ಲ. ತಾನು ಬದುಕಿರುವಷ್ಟು ಕಾಲ ಬಾಡಿಗೆ ತನಗೆ, ಆಮೇಲೆ ಮೊಮ್ಮಕ್ಕಳಿಗೆ ಎಂದು ಟ್ರಸ್ಟ್ ಪತ್ರದಲ್ಲೇ ಬರೆಯಬಹುದಿತ್ತು. ಅಥವಾ ವೀಲಿನ ಒಳಗೇ ಟ್ರಸ್ಟನ್ನು ಏರ್ಪಡಿಸಬಹುದಿತ್ತು: ಅಜ್ಜ ಇರುವ ತನಕ ಎಲ್ಲವೂ ಅವರದು, ಹೋದ ಮೇಲೆ ಆಸ್ತಿ ಟ್ರಸ್ಟಿಗಳಿಗೆ. ಅಪ್ರಾಪ್ತ ಮೊಮ್ಮಕ್ಕಳಿರುವ ಸಾಧಾರಣ ಕುಟುಂಬಕ್ಕೆ ಈ ಎರಡನೆಯದು ಹೆಚ್ಚು ಹೊಂದುತ್ತದೆ. ಟ್ರಸ್ಟ್ ಎಂಬ ಹೆಸರಿನ ಗೌರವಕ್ಕೆ ಮಾರುಹೋಗಿ ಜೀವಮಾನದ ಏಕೈಕ ಆಸ್ತಿಯನ್ನು ಈಗಲೇ ಬಿಟ್ಟುಕೊಡುವವರನ್ನು ಕಂಡಾಗ ಮರುಕವೆನಿಸುತ್ತದೆ.

ಎರಡನೆಯ ತೊಡಕು ಟ್ರಸ್ಟಿಗಳದು. ಕಟ್ಟಡವನ್ನು ಪೂರ್ತಿ ಮೂವತ್ತು ವರ್ಷಕ್ಕೆ ಲೀಸಿಗೆ ಕೊಟ್ಟರೆ ಹತ್ತು ಲಕ್ಷ ಮುಂಗಡ ಕೊಡುತ್ತೇನೆ, ಬಾಡಿಗೆ ಮಾತ್ರ ಕಡಿಮೆ ಇರಲಿ ಎಂದು ಒಬ್ಬ ವ್ಯಾಪಾರಿ ಹಿರಿಯ ಮಗನ ಬಳಿ ಬರುತ್ತಾನೆ. ಕಾನೂನಿನ 36ನೆಯ ಕಲಮಿನಂತೆ ಜಿಲ್ಲಾ ನ್ಯಾಯಾಲಯದ ಅನುಮತಿಯಿಲ್ಲದೆ ಟ್ರಸ್ಟಿಗಳು ಇಪ್ಪತ್ತೊಂದು ವರ್ಷ ಮೀರಿದ ಲೀಸ್ ಕೊಡುವಂತಿಲ್ಲ. ಹಾಗಾದರೆ ಇಪ್ಪತ್ತು ವರ್ಷಕ್ಕೆ ಬರೆಯೋಣವೆಂದರೆ ಅದೂ ಪಾರಾಗುವುದಿಲ್ಲ. ನ್ಯಾಯವಾಗಿ ದೊರೆಯಬಹುದಾದ ಅತ್ಯುತ್ತಮ ವಾರ್ಷಿಕ ಬಾಡಿಗೆಯನ್ನು ನಿಗದಿಪಡಿಸಲೇಬೇಕೆಂಬ ಷರತ್ತು ಅದೇ ಕಲಮಿನಲ್ಲಿದೆ. ಮುಂಗಡ ದೊಡ್ಡದು, ಬಾಡಿಗೆ ಸಣ್ಣದು ಎಂಬ ಏರ್ಪಾಡಿನಲ್ಲಿ ಇಂದು ಹಣ ಟ್ರಸ್ಟಿಯ ಕೈಯಲ್ಲಿ ಓಡಾಡುತ್ತದೆ, ನಷ್ಟ ಮಾತ್ರ ಮೊಮ್ಮಕ್ಕಳಿಗೆ ವರ್ಷವರ್ಷವೂ ತಟ್ಟುತ್ತದೆ. ಅಂಗಡಿಯ ಬದಲು ಅಡಕೆ ತೋಟವಾಗಿದ್ದರೆ ಮಾತು ಇನ್ನೂ ಬೇರೆ. ಕೇರಳದ ಭೂಸುಧಾರಣಾ ಕಾನೂನು ಹೊಸದಾಗಿ ಗೇಣಿ ಹುಟ್ಟಿಸುವುದನ್ನೇ ನಿಷೇಧಿಸಿದೆ.

ಲೀಸ್ ಆಗದಿದ್ದಾಗ ಹಿರಿಯ ಮಗ ಮಾರಾಟದ ಮಾತೆತ್ತುತ್ತಾನೆ; ಕೊಳ್ಳುವವಳು ಅವನ ಹೆಂಡತಿ. ಬೆಲೆ ಪೇಟೆಯ ದರವೇ, ಮೋಸವೇನಿಲ್ಲ ಎನ್ನುವುದು ಅವನ ಸಮಾಧಾನ. ಇಲ್ಲಿ ನೋಡಬೇಕಾದ ಮೊದಲ ಸಂಗತಿ ಬೆಲೆಯಲ್ಲ, ಪತ್ರ. ಮಾರುವ ಅಧಿಕಾರವನ್ನು ಟ್ರಸ್ಟ್ ಪತ್ರ ಕೊಟ್ಟಿದೆಯೇ? ನಿರ್ವಹಣೆಯ ಸಾಮಾನ್ಯ ಅಧಿಕಾರದಲ್ಲಿ ಮಾರಾಟ ತಾನಾಗಿ ಅಡಗಿರುವುದಿಲ್ಲ. ಕೊಟ್ಟಿದ್ದರೂ ಮಾರುವ ಹೊಣೆ ಹೊತ್ತ ಟ್ರಸ್ಟಿ ಅದೇ ಆಸ್ತಿಯನ್ನು ನೇರವಾಗಿ ಅಥವಾ ಸುತ್ತುದಾರಿಯಿಂದ ಕೊಳ್ಳಬಾರದೆಂದು 52ನೆಯ ಕಲಮು ಹೇಳುತ್ತದೆ. ಹೆಂಡತಿಯ ಹೆಸರಿನಲ್ಲಿ ಕೊಳ್ಳುವುದು ಸುತ್ತುದಾರಿಯೇ ಎಂಬ ಆಕ್ಷೇಪಕ್ಕೆ ಅವನು ಉತ್ತರ ಕೊಡಬೇಕಾಗುತ್ತದೆ. ಬೆಲೆ ಸರಿಯಿತ್ತೆಂಬ ವಾದ ಇಲ್ಲಿ ರಕ್ಷಣೆಯಾಗದು. ಮಾರುವವನೂ ಕೊಳ್ಳುವವನೂ ಒಂದೇ ಮನೆಯವರಾದಾಗ ಮೊಮ್ಮಕ್ಕಳ ಪರವಾಗಿ ಚೌಕಾಸಿ ಮಾಡಲು ಯಾರೂ ಉಳಿದಿರುವುದಿಲ್ಲ.

ಮೂವರೂ ಸೇರಿಯೇ ನಿರ್ಧರಿಸಬೇಕೆಂಬುದು ಇನ್ನೊಂದು ಕಟ್ಟು. ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಬಹುಮತವೂ ಸಾಲದು. ಮುಂಬಯಿಯಲ್ಲಿರುವ ಮಗಳು, ‘ಅಣ್ಣಾ, ನಿನಗೆ ಸರಿ ಕಂಡಂತೆ ಮಾಡು’ ಎಂದು ಮುಖ್ತಿಯಾರು ಪತ್ರ ಕಳುಹಿಸಿಬಿಡುತ್ತಾಳೆ. ಅದು ಅಣ್ಣನ ಮೇಲಿನ ವಿಶ್ವಾಸವಿರಬಹುದು, ಆದರೆ ಅವಳ ಹೊಣೆ ಅಷ್ಟಕ್ಕೆ ಕಳಚಿಹೋಗುವುದಿಲ್ಲ. ಎಲ್ಲರೂ ಕೂಡಿ ತೀರ್ಮಾನಿಸಿದ ಮೇಲೆ ನೋಂದಣಿ ಕಚೇರಿಯಲ್ಲಿ ರುಜು ಹಾಕುವಂಥ ಯಾಂತ್ರಿಕ ಕೆಲಸವನ್ನು ಮಾತ್ರ ಮುಖ್ತಿಯಾರಿಗೆ ಒಪ್ಪಿಸಬಹುದು. ತೀರ್ಮಾನವನ್ನೇ ಒಪ್ಪಿಸಿದರೆ ನಾಳೆ ಬಂದ ನಷ್ಟಕ್ಕೆ ಅವಳೂ ಉತ್ತರ ಹೇಳಬೇಕಾಗಬಹುದು.

ಇನ್ನು ಟ್ರಸ್ಟ್ ಹುಟ್ಟಿದ್ದೇ ಯಾವುದಕ್ಕಾಗಿಯೋ ಆ ವಿದ್ಯಾಭ್ಯಾಸ. ತೀರಿಕೊಂಡ ಮಗನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ್ದಾಳೆ, ಹದಿನೈದು ವರ್ಷ. ಪುತ್ತೂರಿನ ಕಡೆ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಬೇಕು. ವರ್ಷಕ್ಕೆ 1,10,000 ರೂಪಾಯಿ ಬೇಕು. ಬಾಡಿಗೆ ಮತ್ತು ಬಡ್ಡಿಯಿಂದ ತೆರಿಗೆ, ರಿಪೇರಿ ಕಳೆದು ವರ್ಷಕ್ಕೆ 1,80,000 ಉಳಿಯುತ್ತದೆ. ನಾಲ್ಕು ಪಾಲು ಮಾಡಿದರೆ ಅವಳ ಪಾಲು 45,000. ಎರಡು ವರ್ಷಕ್ಕೆ 1,30,000 ಕೊರತೆ. ಹಿರಿಯ ಮೊಮ್ಮಗನ ಪಾಲಿನಿಂದ ತೆಗೆದು ಕೊಡೋಣವೆಂಬುದು ಮನೆಯ ನ್ಯಾಯಕ್ಕೆ ಸರಿ ಕಾಣಬಹುದು, ಟ್ರಸ್ಟಿನ ನ್ಯಾಯಕ್ಕೆ ಸರಿಯಲ್ಲ. ಅವನು ತಾನಾಗಿ ಕೊಟ್ಟರೆ ಮಾತ್ರ ಆದೀತು.

ಮೊದಲು ಹುಡುಕಬೇಕಾದುದು ಅವಳದೇ ಹಳೆಯ ಉಳಿಕೆಯನ್ನು. ಹಿಂದಿನ ನಾಲ್ಕು ವರ್ಷ ಅವಳಿಗೆ ವರ್ಷಕ್ಕೆ 25,000 ಮಾತ್ರ ಖರ್ಚಾಗಿದ್ದರೆ ಅವಳ ಪಾಲಿನಲ್ಲಿ 80,000 ಕೂಡಿರಬೇಕು. ಅಪ್ರಾಪ್ತರ ಆದಾಯದ ಉಳಿಕೆಯನ್ನು ಕೂಡಿಟ್ಟು, ಬೇಕಾದ ವರ್ಷ ಅವರ ಓದಿಗೆ ಬಳಸಬಹುದೆಂದು 41ನೆಯ ಕಲಮು ಹೇಳುತ್ತದೆ. ಆಗ ಕೊರತೆ 50,000ಕ್ಕೆ ಇಳಿಯುತ್ತದೆ. ಅದನ್ನು ಠೇವಣಿಯಲ್ಲಿರುವ ಅವಳ ಒಂದು ಲಕ್ಷದ ಪಾಲಿನಿಂದ ತೆಗೆಯಬಹುದೇ? ಅದು ಆದಾಯವಲ್ಲ, ಮೂಲಧನ. ಪತ್ರದಲ್ಲಿ ಅಧಿಕಾರ ಕೊಡದಿದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಐವತ್ತು ಸಾವಿರಕ್ಕಾಗಿ ವಿದ್ಯಾನಗರದ ನ್ಯಾಯಾಲಯಕ್ಕೆ ಅಲೆದಾಡುವುದರೊಳಗೆ ಪ್ರವೇಶದ ದಿನಾಂಕ ದಾಟಿಹೋಗಬಹುದು. ವಿದ್ಯಾಭ್ಯಾಸಕ್ಕಾಗಿ ಆಯಾ ಮಗುವಿನ ಮೂಲಧನದ ಪಾಲಿನಿಂದಲೂ ಇಂತಿಷ್ಟರ ತನಕ ತೆಗೆಯಬಹುದೆಂದು ಪತ್ರದಲ್ಲಿ ಒಂದೇ ಒಂದು ವಾಕ್ಯ ಇದ್ದಿದ್ದರೆ ಸಾಕಿತ್ತು.

ಈ ಲೆಕ್ಕವೆಲ್ಲ ನಿಲ್ಲುವುದು ನಾಲ್ವರ ಪಾಲನ್ನೂ ಬೇರೆ ಬೇರೆ ಬರೆದಿಟ್ಟ ಪುಸ್ತಕ ಇದ್ದರೆ. ಬಾಡಿಗೆ ಹಿರಿಯ ಮಗನ ಸ್ವಂತ ಖಾತೆಗೆ ಬೀಳುತ್ತಿದ್ದರೆ, ತೀರ್ವೆ ರಶೀದಿ ಇನ್ನೂ ಅಜ್ಜನ ಹೆಸರಿನಲ್ಲೇ ಬರುತ್ತಿದ್ದರೆ, ಮನೆಯವರು ಎಚ್ಚರಗೊಳ್ಳಬೇಕಾದ ಸಮಯವದು. ಟ್ರಸ್ಟಿಗೆಂದೇ ಬೇರೆ ಬ್ಯಾಂಕ್ ಖಾತೆ ಇರಬೇಕು, ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾಗಿರಬೇಕು. ಪತ್ರ ನೋಂದಣಿಯಾಗಿರುವುದರಿಂದ ಋಣಭಾರ ಪತ್ರ ತೆಗೆಸಿದ ಯಾವ ಖರೀದಿದಾರನೂ ಟ್ರಸ್ಟಿನ ಸಂಗತಿ ತನಗೆ ಗೊತ್ತಿರಲಿಲ್ಲವೆಂದು ಹೇಳಲಾರ. ಹಾಗೆ ಅಕ್ರಮವಾಗಿ ಕೊಂಡವನ ಕೈಯಿಂದಲೂ ಆಸ್ತಿಯನ್ನು ಬೆನ್ನಟ್ಟಿ ಪಡೆಯುವ ಹಕ್ಕು ಮೊಮ್ಮಕ್ಕಳಿಗಿದೆ.

ಪತ್ರ ಮಲಯಾಳದಲ್ಲಿ ಬರೆದಿರುವುದರಿಂದ ಸೊಸೆಗೆ ಅದನ್ನು ಓದಲು ಬಾರದಿರಬಹುದು. ಆದರೂ ಟ್ರಸ್ಟ್ ಪತ್ರ, ಆಸ್ತಿಯ ಆಧಾರ, ಲೆಕ್ಕಪುಸ್ತಕ, ಖರ್ಚಿನ ಚೀಟಿಗಳು ಇವನ್ನೆಲ್ಲ ನೋಡುವ, ಪ್ರತಿ ತೆಗೆದುಕೊಳ್ಳುವ ಹಕ್ಕನ್ನು 57ನೆಯ ಕಲಮು ಫಲಾನುಭವಿಗೆ ಕೊಟ್ಟಿದೆ. ಮಕ್ಕಳ ಪರವಾಗಿ ತಾಯಿ ಕೇಳಬಹುದು. ಕೇಳುವಾಗ ಬರಹದಲ್ಲಿ ಕೇಳಿ, ದಿನಾಂಕ ಹಾಕಿ, ಅದರ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು, ಪತ್ರವನ್ನು ಕನ್ನಡಕ್ಕೆ ಓದಿ ಹೇಳಬಲ್ಲವರಿಂದ ಮೊದಲು ಮೂರು ಸಾಲುಗಳನ್ನು ಹುಡುಕಿಸಿಕೊಳ್ಳಬೇಕು: ಮಾರುವ ಅಧಿಕಾರ ಇದೆಯೇ, ಮೂಲಧನ ಮುಟ್ಟುವ ಅಧಿಕಾರ ಇದೆಯೇ, ಒಬ್ಬ ಟ್ರಸ್ಟಿ ತೀರಿಕೊಂಡರೆ ಅವನ ಜಾಗಕ್ಕೆ ಯಾರನ್ನು ಯಾರು ನೇಮಿಸಬೇಕು.