ಜ್ವರ ಬಿಟ್ಟರೂ ಬಿಡದ ಕೀಲುನೋವು

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಆದರೆ 2024ರ ಮಳೆಗಾಲದ ಕೊನೆಯಲ್ಲಿ ಇದೇ ಪುಣೆಯಲ್ಲಿ ಚಿಕುನ್‌ಗುನ್ಯಾ ಜ್ವರಕ್ಕೆ ತುತ್ತಾಗಿ, ಎಂಟು ತಿಂಗಳ ಕಾಲ ಕೀಲುನೋವನ್ನು ಅನುಭವಿಸಿದ್ದರಿಂದ, ಆ ವಿಷಯದಲ್ಲಿ ವೈದ್ಯರಿಂದ ತಿಳಿದುಕೊಂಡುದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಚಿಕುನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಶಬ್ದ. ನೋವಿನಿಂದ ಮೈ ಬಾಗಿಹೋಗುವುದು ಎಂದು ಅದರ ಭಾವ. 1952ರಲ್ಲಿ ಇಂದಿನ ಟಾಂಜಾನಿಯದಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗ, 1963ರಲ್ಲಿ ಕಲ್ಕತ್ತೆಯಲ್ಲಿ, 1973ರಲ್ಲಿ ಸೊಲ್ಲಾಪುರದ ಬಳಿಯ ಬಾರ್ಶಿಯಲ್ಲಿ ಕಾಣಿಸಿಕೊಂಡಿತು. ಬಳಿಕ ಮೂರು ದಶಕ ಮರೆಯಾಗಿದ್ದು, 2006ರಲ್ಲಿ ಕರ್ನಾಟಕವನ್ನೂ ಬಹುವಾಗಿ ಕಾಡಿತು. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯೇ ಇದರ ವಾಹಕ.

ನನಗೆ ಜ್ವರವಿದ್ದುದು ನಾಲ್ಕೇ ದಿನ. ಆದರೆ ಕೆಲಸಕ್ಕೆ ಮರಳಿದ ಮೊದಲ ವಾರವೇ ಒಂದು ವಿಚಿತ್ರ ನಡೆಯಿತು. ನಾನೇ ಬರೆದ ನನ್ನ ಖಾತೆಯ ಚೆಕ್ಕನ್ನು ಸಹೋದ್ಯೋಗಿಯೊಬ್ಬರು, “ಸಾರ್, ಸಹಿ ಮಾದರಿಯೊಡನೆ ಹೊಂದುವುದಿಲ್ಲ” ಎಂದು ಸಂಕೋಚದಿಂದಲೇ ಹಿಂದಿರುಗಿಸಿದರು. ಮಣಿಕಟ್ಟು ಮತ್ತು ಬೆರಳಿನ ಗೆಣ್ಣುಗಳು ಊದಿಕೊಂಡು ಲೇಖನಿಯೇ ನಿಲ್ಲುತ್ತಿರಲಿಲ್ಲ. ಈ ಕೈ ಇನ್ನು ಹೀಗೆಯೇ ಉಳಿಯುವುದೇ ಎಂಬ ಅಂಜಿಕೆ ಅಂದು ಹುಟ್ಟಿತು.

ವೈದ್ಯರು ಕಾರಣವನ್ನು ವಿವರಿಸಿದರು. ವೈರಸ್ಸು ಸುಮಾರು ಒಂದು ವಾರದಲ್ಲಿ ರಕ್ತದಿಂದ ಮರೆಯಾಗುತ್ತದೆ. ಆದರೆ ಅದನ್ನು ಎದುರಿಸಲು ಎದ್ದ ದೇಹದ ರಕ್ಷಣಾಶಕ್ತಿ ಕೀಲುಗಳ ಒಳಪೊರೆಯಲ್ಲಿ ಇನ್ನೂ ಶಾಂತವಾಗಿರುವುದಿಲ್ಲ. ಆದುದರಿಂದಲೇ ಊತ, ನೋವು, ಮುಂಜಾನೆಯ ಬಿಗಿತ. ಆದರೆ ಹೆಚ್ಚಿನವರಲ್ಲಿ ಈ ಬಾವು ಎಲುಬನ್ನು ಸವೆಸುವುದಿಲ್ಲ. ಆದುದರಿಂದ ಅದು ಇಳಿದಾಗ ಕೀಲು ಮೊದಲಿನಂತಾಗುತ್ತದೆ. ಬಹುಮಂದಿಗೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತದೆ. ಕೆಲವರಿಗೆ ವರ್ಷ ಮೀರುವುದೂ ಉಂಟು. ನಲವತ್ತು ದಾಟಿದವರಿಗೂ, ಮೊದಲೇ ಕೀಲುರೋಗವಿದ್ದವರಿಗೂ, ಆರಂಭದಲ್ಲಿ ನೋವು ತೀವ್ರವಾಗಿದ್ದವರಿಗೂ ಇದು ನಿಧಾನ.

ಗುಣವಾಗುತ್ತಿದೆಯೆಂದು ತಿಳಿಯುವುದು ಹೇಗೆ? ನೋವನ್ನು ದಿನದಿನವೂ ಅಳೆದರೆ ಮನಸ್ಸು ಮೋಸ ಹೋಗುತ್ತದೆ. “ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಡಿ” ಎಂದರು ವೈದ್ಯರು. ಲೆಕ್ಕ ಬರೆಯುವುದು ನನಗೆ ಹೊಸದಲ್ಲ. ಮೊದಲ ತಿಂಗಳು ಸರಾಸರಿ ತೊಂಬತ್ತು ನಿಮಿಷ, ಮೂರನೆಯದರಲ್ಲಿ ನಲವತ್ತೈದು. ಡಿಸೆಂಬರಿನ ಚಳಿಗೆ ಮತ್ತೆ ಅರವತ್ತಕ್ಕೇರಿತು, ಎದೆಗುಂದಿದೆ. ಆದರೆ ಆರನೆಯ ತಿಂಗಳು ಹದಿನೈದು, ಎಂಟನೆಯದರಲ್ಲಿ ಶೂನ್ಯ. ಇಂತಹ ಏರಿಳಿತ ಸಹಜ. ಒಟ್ಟಿನಲ್ಲಿ ಇಳಿಮುಖವಾಗಿರಬೇಕು, ಅಷ್ಟೇ.

ಚಿಕಿತ್ಸೆಯ ಕ್ರಮವೂ ಸರಳ. ಜ್ವರದ ದಿನಗಳಲ್ಲಿ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ, ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಮೊದಲಾದ ಗುಳಿಗೆಗಳಿಂದ ಡೆಂಗಿಯಲ್ಲಿ ರಕ್ತಸ್ರಾವದ ಭಯವಿದೆ. ಅನಂತರ ಬಾವು ಇಳಿಸುವ ಗುಳಿಗೆಗಳನ್ನು ವೈದ್ಯರು ಊಟದ ಬಳಿಕ, ಕೆಲಕಾಲ ಮಾತ್ರ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ, ರಕ್ತದೊತ್ತಡ, ಹೊಟ್ಟೆಹುಣ್ಣು ಇದ್ದವರು ಅದನ್ನು ಮೊದಲೇ ತಿಳಿಸಬೇಕು. ಬಿಸಿನೀರಿನಲ್ಲಿ ಕೈಯಿಟ್ಟು ಮೆಲ್ಲನೆ ಮುಷ್ಟಿ ಮಡಿಸಿ ಬಿಡಿಸುವುದು ನನಗೆ ಗುಳಿಗೆಯಷ್ಟೇ ಉಪಕರಿಸಿತು. ಮಲಗಿಯೇ ಇದ್ದರೆ ಬಿಗಿತ ಹೆಚ್ಚುತ್ತದೆ.

ಪರಿಚಿತರೊಬ್ಬರು ಹೆಸರಿಲ್ಲದ ಪುಡಿಯೊಂದನ್ನು ತಂದುಕೊಟ್ಟು, ಎರಡೇ ದಿನದಲ್ಲಿ ಗುಣವೆಂದರು. ವೈದ್ಯರು ಅದನ್ನು ಬೇಡವೆಂದರು. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದರಿಂದ ನೋವು ಥಟ್ಟನೆ ಅಡಗಿದರೂ, ನಿಲ್ಲಿಸಿದಾಗ ಮರುಕಳಿಸುವುದುಂಟು. ಮಧುಮೇಹವಿದ್ದವರಿಗೆ ಸಕ್ಕರೆಯೂ ಏರುತ್ತದೆ.

ಹಾಗೆಂದು ಸುಮ್ಮನೆ ಕಾಯುತ್ತ ಕೂರುವಂತೆಯೂ ಇಲ್ಲ. ಮೂರು ತಿಂಗಳು ಕಳೆದರೂ ಊತ ಇಳಿಯದೆ, ಬಿಗಿತ ಒಂದು ಗಂಟೆಗೂ ಮೀರಿ ಉಳಿದರೆ, ಅಥವಾ ಹೊಸ ಕೀಲುಗಳು ಊದತೊಡಗಿದರೆ, ಸಂಧಿರೋಗ ತಜ್ಞರನ್ನು ಕಾಣಬೇಕು. ಅವರು ರಕ್ತಪರೀಕ್ಷೆಯಿಂದಲೂ ಎಕ್ಸ್‌ರೇಯಿಂದಲೂ ಇದು ರುಮಟಾಯ್ಡ್ ಸಂಧಿವಾತವೇ ಎಂದು ನೋಡುತ್ತಾರೆ. ‘ಆ್ಯಂಟಿ ಸಿಸಿಪಿ’ ಎಂಬ ಪರೀಕ್ಷೆ ಚಿಕುನ್‌ಗುನ್ಯಾದ ನೋವಿನಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ನನಗೂ ಹಾಗೆಯೇ ಬಂದಿತು. ಅಗತ್ಯವಾದರೆ ಮೆಥೊಟ್ರೆಕ್ಸೇಟ್‌ನಂತಹ ಔಷಧಿಯನ್ನು ತಜ್ಞರೇ ನಿಗಾ ಇಟ್ಟು ಕೊಡುತ್ತಾರೆ. ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಮತ್ತೆ ಜ್ವರ ಬಂದರೆ ಮಾತ್ರ ಒಂದು ದಿನವೂ ತಡೆಯಬಾರದು. ಅದು ಕೀವಿನ ಸೋಂಕಾಗಿರಬಹುದು.

ಎಂಟನೆಯ ತಿಂಗಳ ಕೊನೆಯಲ್ಲಿ ಮತ್ತೊಂದು ಚೆಕ್ ಬರೆದೆ. ಅದೇ ಸಹೋದ್ಯೋಗಿ ಮಾದರಿ ಸಹಿಯೊಡನೆ ಹೋಲಿಸಿ ನೋಡಿ, ಏನೂ ಹೇಳದೆ ಪಾಸು ಮಾಡಿದರು.